ಅವನು ಮತ್ತೆ "ಲೇ" ಅಂದ

ಶುಕ್ರವಾರ, 3 ಅಕ್ಟೋಬರ್ 2025
ನವನಗರ, ಬಾಗಲಕೋಟೆ

ನಿನ್ನೆ ಸಂಜೆ ಗೆಳೆಯ ಬನ್ನಿ ಕೊಡಲು ಮನೆಗೆ ಬಂದಿದ್ದ. ಹೆಂಡತಿ, ಮಗಳನ್ನೂ ಕರೆದುಕೊಂಡು ಬಂದಿದ್ದ. ಎರಡು ತಿಂಗಳಾಗಿತ್ತು ಅವನು ನಮ್ಮ ಹೊಸ್ತಿಲು ತುಳಿದು. ರಾತ್ರಿಯೇ ಬರೆಯಲು ಕೂತೆ, ಆಗಲಿಲ್ಲ. ಬರೆಯುತ್ತೇನೆ ಅಂತ ಅವನಿಗೆ ಹೇಳಿದ್ದೆ. "ನನ್ನ ಹೆಸರ ಹಾಕಬ್ಯಾಡ, ಉಳಿದದ್ದು ಬರಿ" ಅಂದ. ಹಾಗಾಗಿ ಇಲ್ಲಿ ಅವನು ಬರೀ ಗೆಳೆಯ.

ನಾವಿಬ್ಬರೂ ಹಳೆ ಬಾಗಲಕೋಟೆಯ ಒಂದೇ ಓಣಿಯವರು. ಆಲಮಟ್ಟಿ ಹಿನ್ನೀರು ಘಟಪ್ರಭೆಯಲ್ಲಿ ಏರಿ ಬರುತ್ತದೆ ಅಂತ ನಮ್ಮ ಓಣಿ ಮುಳುಗಡೆಗೆ ಹೋಯಿತು. ಎರಡೂ ಮನೆಯವರು ನವನಗರಕ್ಕೆ ಬಂದೆವು. ಅವರಪ್ಪ ಪರಿಹಾರದ ದುಡ್ಡನ್ನು ಒಂದು ಅಂಗಡಿಗೆ ಹಾಕಿದರು. ಅಂಗಡಿ ಎರಡು ವರ್ಷವೂ ನಡೆಯಲಿಲ್ಲ. ಇಷ್ಟು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ.

ನಾವು ನಾಲ್ಕು ಜನ ಸಂಜೆ ಆರಕ್ಕೆ ಚಹಾದಂಗಡಿಯಲ್ಲಿ ಸೇರುತ್ತೇವೆ. ಮಿರ್ಚಿ, ಗಿರಮಿಟ್ಟು, ಅರ್ಧ ತಾಸು ಹರಟೆ. ಅಲ್ಲಿ ಮಸ್ಕಿರಿ ಇಲ್ಲದೆ ಮಾತೇ ಇಲ್ಲ. ಉಳಿದ ಇಬ್ಬರಿಗೆ ಏನು ಅಂದರೂ ನಡೆಯುತ್ತದೆ, ಎರಡು ತಿರುಗಿಸಿ ಕೊಡುತ್ತಾರೆ. ಇವನಿಗೆ ಹಾಗಲ್ಲ. ಅಂಗಿ ಬಣ್ಣದ ಬಗ್ಗೆ ಒಂದು ಮಾತು ಬಂದರೆ ಆ ಅಂಗಿ ಮತ್ತೆ ಹಾಕುವುದಿಲ್ಲ. ಹೈಸ್ಕೂಲಿನಲ್ಲೂ ಹೀಗೇ ಇದ್ದ. ಅದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ನಡೆದದ್ದು ಇದು.

ಆಗಸ್ಟ್ ಮೊದಲ ವಾರ. ಪಂಚಮಿಯ ಶೇಂಗಾ ಉಂಡಿ ಮನೆಯಲ್ಲಿ ಇನ್ನೂ ಉಳಿದಿದ್ದವು. ಅವನು ಸೆಕೆಂಡ್ ಹ್ಯಾಂಡ್ ಬೈಕ್ ತಗೊಂಡು ಬಂದು ಅಂಗಡಿ ಮುಂದೆ ನಿಲ್ಲಿಸಿದ. ಖುಷಿಯಲ್ಲಿದ್ದ. ಸೀಟನ್ನು ಕೈಯಿಂದ ಒರೆಸುತ್ತಿದ್ದ. ನಾನು ಅಂದೆ, "ಇದೂ ಮುಳುಗಡಿ ರೊಕ್ಕದ್ದೇನಲೇ?"

ಎಲ್ಲರೂ ನಕ್ಕರು. ಅವನೂ ನಕ್ಕ. ಆದರೆ ಉಳಿದವರು ನಕ್ಕ ಮೇಲೆ, ಒಂದು ಉಸಿರು ತಡವಾಗಿ. ನನ್ನ ಮುಖ ನೋಡಲಿಲ್ಲ, ಯಾರು ಯಾರು ನಗುತ್ತಿದ್ದಾರೆ ಅಂತ ನೋಡಿದ. ಅರ್ಧ ಕಪ್ಪು ಚಹಾ ಬಿಟ್ಟು ಎದ್ದ. "ಬರತೇನ್ರಿ" ಅಂದ.

ಆ "ರಿ" ಕೇಳಿದಾಗಲೇ ನನಗೆ ತಿಳಿಯಬೇಕಿತ್ತು. ಮೂವತ್ತು ವರ್ಷದಿಂದ ನಾವು ಒಬ್ಬರಿಗೊಬ್ಬರು "ಲೇ" ಅನ್ನುವವರು. ನಮ್ಮ ಕಡೆ ಗೆಳೆಯ ಬೈದರೆ ಚಿಂತೆಯಿಲ್ಲ, ಬೈದ ಅಂದರೆ ಮಾತು ಉಳಿದಿದೆ. "ರಿ" ಹಚ್ಚಿದ ಅಂದರೆ ದೂರ ಸರಿದ ಅಂತಲೇ ಲೆಕ್ಕ. ಅವನಿಗೆ ನೋವಾಗಿದೆಯೋ ಇಲ್ಲವೋ ಅಂತ ತಿಳಿಯಲು ಇದಕ್ಕಿಂತ ಒಳ್ಳೆ ಗುರುತು ನನಗೆ ಸಿಕ್ಕಿಲ್ಲ. ನಗುವನ್ನು ನಂಬಬಾರದು. ಅವಮಾನವಾದವನು ಎಲ್ಲರ ಮುಂದೆ ಮೊದಲು ನಗುತ್ತಾನೆ, ಇನ್ನೇನು ಮಾಡಿಯಾನು?

ಹನ್ನೊಂದು ದಿನ ಅವನು ಬರಲಿಲ್ಲ. ಮೂರನೇ ದಿನ ನಾನು ಫೋನ್ ಮಾಡಿ, "ಸುಮ್ನೆ ಮಸ್ಕಿರಿ ಮಾಡಿದೆಪಾ, ಮನಸಿಗೆ ಹಚ್ಕೋಬ್ಯಾಡ" ಅಂದೆ. "ಆತ್ರಿ" ಅಂತ ಇಟ್ಟ. ಕ್ಷಮೆ ಕೇಳಿದೆ ಅಂತ ನಾನು ಅಂದುಕೊಂಡಿದ್ದೆ.

ಅಲ್ಲ ಅಂತ ತಿಳಿಸಿದ್ದು ನನ್ನ ಅಕ್ಕನ ಮಗಳು. ಧಾರವಾಡದಲ್ಲಿ ಸೈಕಾಲಜಿ ಓದುತ್ತಾಳೆ, ಗಣೇಶ ಹಬ್ಬಕ್ಕೆ ಬಂದಿದ್ದಳು. ಎಲ್ಲ ಕೇಳಿ ಅಂದಳು, "ಮಾಮಾ, ನೀವು ತಪ್ಪ ಒಪ್ಪಿಕೊಂಡಿಲ್ಲ. ಅವರು ಹಚ್ಕೊಂಡಿದ್ದ ತಪ್ಪ ಅಂತ ಹೇಳೀರಿ." ನನಗೆ ಉತ್ತರ ಬರಲಿಲ್ಲ. ಅವಳು ಒಂದು ಅಧ್ಯಯನದ ಬಗ್ಗೆ ಹೇಳಿದಳು. 2006ರಲ್ಲಿ ಅಮೆರಿಕದ ಜಸ್ಟಿನ್ ಕ್ರೂಗರ್ ಮತ್ತು ಜೊತೆಯವರು ಮಾಡಿದ್ದಂತೆ. ಕಾಡಿಸುವವನಿಗೆ ತನ್ನ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ ಅಂತ ಗೊತ್ತಿರುತ್ತದೆ. ಅದು ಎದುರಿನವನಿಗೂ ಕಾಣುತ್ತಿದೆ ಅಂತ ಅವನು ತಿಳಿಯುತ್ತಾನೆ. ಕಾಡಿಸಿಕೊಂಡವನಿಗೆ ಅದು ಅಷ್ಟು ಕಾಣುವುದೇ ಇಲ್ಲ, ಕೇಳಿಸುವುದು ಆ ಮಾತು ಮಾತ್ರ. "ಸುಮ್ನೆ ಮಸ್ಕಿರಿ" ಅಂತ ಆಮೇಲೆ ಹೇಳಿದರೆ ಹೆಚ್ಚು ಉಪಯೋಗವಿಲ್ಲ ಅಂದಳು.

ಇಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. ಹನ್ನೆರಡನೇ ದಿನದಿಂದ ಅವನು ಮತ್ತೆ ಬರತೊಡಗಿದ್ದ. ಅವನ ಜೊತೆ ಮಸ್ಕಿರಿಯನ್ನೇ ಪೂರ್ತಿ ಬಿಟ್ಟುಬಿಟ್ಟೆ. ಉಳಿದಿಬ್ಬರ ಕಾಲೆಳೆಯುತ್ತಿದ್ದೆ. ಇವನ ಕಡೆ ತಿರುಗಿದರೆ "ಊಟ ಆತೇನು, ಮಗಳ ಪರೀಕ್ಷೆ ಯಾವಾಗ" ಅಷ್ಟೇ. ಒಳ್ಳೆಯದು ಮಾಡುತ್ತಿದ್ದೇನೆ ಅಂತಲೇ ನಂಬಿದ್ದೆ. ಸೆಪ್ಟೆಂಬರ್ ನಡುವೆ ಒಂದು ದಿನ ಬೈಕಿನ ಹತ್ತಿರ ನನ್ನನ್ನು ನಿಲ್ಲಿಸಿ ಕೇಳಿದ:

"ಅವರ ಜೋಡಿ ನಗತಿ. ನನ್ನ ಜೋಡಿ ಬ್ಯಾಂಕಿನ್ಯಾಗ ಮಾತಾಡಿದಂಗ ಮಾತಾಡತಿ. ನಾ ಏನು ಹೊರಗಿನಾವಾ?"

ಕಾಡಿಸಿದರೂ ನೋವು, ಬಿಟ್ಟರೂ ನೋವು ಅಂತ ಮೊದಲು ಬೇಸರವಾಯಿತು. ಆದರೆ ಅವನು ಹೇಳಿದ್ದು ನಿಜ. ನಮ್ಮಲ್ಲಿ ಕಾಡಿಸುವುದು ನೀನು ನಮ್ಮವನು ಅಂತ ಹೇಳುವ ರೀತಿ. ಅದನ್ನು ಒಬ್ಬನಿಗೆ ಮಾತ್ರ ನಿಲ್ಲಿಸಿದರೆ ಅವನನ್ನು ಪಂಕ್ತಿಯಿಂದ ಎಬ್ಬಿಸಿದ ಹಾಗೆ. ಅವತ್ತು ಬೈಕಿನ ಪಕ್ಕ ನಿಂತು ಮುಕ್ಕಾಲು ತಾಸು ಮಾತಾಡಿದೆವು. ಮೊದಲು ನಾನು ಹೇಳಬೇಕಾದ್ದನ್ನು ಹೇಳಿದೆ: "ನಿಮ್ಮಪ್ಪನ ವಿಷಯ ಎಲ್ಲಾರ ಮುಂದ ತೆಗದೆ. ತೆಗೀಬಾರದಿತ್ತು. ತಪ್ಪ ನಂದು." ಅದಕ್ಕೆ "ಆದರೆ" ಸೇರಿಸಲಿಲ್ಲ. ಅವನು ಬಹಳ ಹೊತ್ತು ಸುಮ್ಮನಿದ್ದು, "ಅಪ್ಪ ಸಾಯೂತನಾ ಆ ಅಂಗಡಿ ಹೆಸರ ಎತ್ತಲಿಲ್ಲ" ಅಂದ. ಅಷ್ಟು ಹತ್ತಿರದವನಾಗಿಯೂ ನನಗೆ ಅದು ಗೊತ್ತಿರಲಿಲ್ಲ.

ನನ್ನ ಕಡೆಯದನ್ನೂ ಹೇಳಿದೆ. ಹನ್ನೊಂದು ದಿನ ಕಾಣೆಯಾದರೆ ನನಗೂ ಸಂಕಟವಾಗುತ್ತದೆ. ಯಾವ ಮಾತು ಚುಚ್ಚಿತು ಅಂತ ನಾನು ಒಬ್ಬನೇ ಕೂತು ಹುಡುಕಬೇಕಾಗುತ್ತದೆ. ನೋವಾದರೆ ಅವತ್ತೇ ಹೇಳು, ಎಲ್ಲರ ಮುಂದೆ ಆಗದಿದ್ದರೆ ರಾತ್ರಿ ಫೋನ್ ಮಾಡು ಅಂದೆ. "ಸಾಕ ಬಿಡು ಅಂತೀನಿ. ಅಂದ ಕೂಡಲೇ ನಿಲ್ಲಸಬೇಕು. ಯಾಕ ಅಂತ ಕೇಳಬಾರದು" ಅಂದ. ಒಪ್ಪಿದೆ. ಆ ಕೊನೆಯದು ಅವನಿಗೆ ಮುಖ್ಯವಾಗಿತ್ತು. ಯಾಕೆ ಅಂತ ಕೇಳಿದರೆ ಗಾಯವನ್ನು ಮತ್ತೆ ಎಲ್ಲರಿಗೆ ತೋರಿಸಬೇಕಾಗುತ್ತದೆ, ಅಲ್ವಾ?

ಅವತ್ತಿನಿಂದ ನಾನು ಗಮನಿಸುತ್ತಾ ಬಂದೆ. ಎಷ್ಟು ಕಾಡಿಸಿದೆ ಅನ್ನುವುದಕ್ಕಿಂತ ಯಾರ ಮುಂದೆ ಕಾಡಿಸಿದೆ ಅನ್ನುವುದೇ ಅವನಿಗೆ ದೊಡ್ಡದು. ಇಬ್ಬರೇ ಇದ್ದಾಗ, "ಈ ಕಿಕ್ ಹೊಡದ ಹೊಡದ ನಿನ್ನ ಕಾಲ ಗಟ್ಟಿ ಆಗ್ಯಾವ" ಅಂದರೆ ಮನಸಾರೆ ನಗುತ್ತಾನೆ. ಅದೇ ಮಾತು ನಾಲ್ಕು ಜನರ ಮುಂದೆ ಬಂದರೆ ಅವನ ಕಣ್ಣು ಉಳಿದವರ ಮುಖದ ಮೇಲೆ ಹೋಗುತ್ತದೆ. ಒಂದು ಮಾತಿನ ಭಾರ ಅಲ್ಲಿ ಮೂರು ನಗುವಿನಷ್ಟಾಗುತ್ತದೆ. ಹಾಗಾಗಿ ಅಂಗಡಿಯಲ್ಲಿ ಅವನ ಮೇಲೆ ಒಂದೂ ಇಲ್ಲ, ನಮ್ಮಿಬ್ಬರ ಮೇಲೆ ಇದ್ದರೆ ಇರಲಿ ಅಂತ ಮಾಡಿಕೊಂಡೆ. ಇಬ್ಬರೂ ಒಟ್ಟಿಗೆ ಮಾಡಿದ ಹಳೆ ಕಿತಾಪತಿ ತೆಗೆದರೆ ಅವನೇ ಮುಂದೆ ಬಂದು ಕಥೆ ಮುಗಿಸುತ್ತಾನೆ. ವಾಟ್ಸಾಪ್ ಗ್ರೂಪಿನಲ್ಲಂತೂ ಬೇಡವೇ ಬೇಡ. ಅಲ್ಲಿ ದನಿ ಇಲ್ಲ, ಮುಖ ಇಲ್ಲ, ಮೇಲಾಗಿ ಆ ಮಾತನ್ನು ರಾತ್ರಿಯೆಲ್ಲ ತಿರುತಿರುಗಿ ಓದಬಹುದು.

ಕಷ್ಟವಾದದ್ದು ಉಳಿದಿಬ್ಬರ ವಿಷಯ. ಅವರು ಶುರು ಮಾಡಿದರೆ ನಾನೇನು ಮಾಡಲಿ? ಒಮ್ಮೆ, "ಬಿಡ್ರಿಲೇ, ಅವನಿಗೆ ಬ್ಯಾಸರ ಆಗತೈತಿ" ಅಂದುಬಿಟ್ಟೆ. ಅವನ ಮುಖ ಕೆಂಪಾಯಿತು. ಅವರ ಮಸ್ಕಿರಿಗಿಂತ ನನ್ನ ಆ ಮಾತೇ ಜಾಸ್ತಿ ಚುಚ್ಚಿತು. ಮೆತ್ತನೆಯವನು ಅಂತ ಎಲ್ಲರ ಮುಂದೆ ಸಾರಿದ ಹಾಗಾಯಿತು. ಈಗ ನಾನು ಮಾತು ಬದಲಿಸುತ್ತೇನೆ ಅಷ್ಟೇ. ಇನ್ನೊಂದು ಪ್ಲೇಟ್ ಮಿರ್ಚಿ ಹೇಳುತ್ತೇನೆ, ಕಬ್ಬಿನ ರೇಟು ಕೇಳುತ್ತೇನೆ. ಆ ಇಬ್ಬರಿಗೆ ಬೇರೆಯಾಗಿ, ಅವನಿಲ್ಲದಾಗ, ಒಮ್ಮೆ ಹೇಳಿದೆ. ಒಬ್ಬನಿಗೆ ತಿಳಿಯಿತು. ಇನ್ನೊಬ್ಬ ಇನ್ನೂ ಮರೆಯುತ್ತಾನೆ.

ಇಷ್ಟು ಮಾಡಿದರೂ ಎಲ್ಲ ಸರಿಹೋಗಿಲ್ಲ. ಹೋದ ವಾರ ನಾನು ಮೊಬೈಲ್ ನೋಡಿ ನಕ್ಕೆ, ತನ್ನ ಮೇಲೆ ನಕ್ಕೆ ಅಂದುಕೊಂಡ. ಮೊಬೈಲ್ ತೋರಿಸಿದೆ. ಆದರೆ ಕ್ಷಮೆ ಕೇಳಲಿಲ್ಲ. ಮಾಡದ ತಪ್ಪಿಗೂ ಕ್ಷಮೆ ಕೇಳುತ್ತಾ ಹೋದರೆ ಮಾಡಿದ ತಪ್ಪಿಗೆ ಕೇಳಿದ ಕ್ಷಮೆಗೆ ಬೆಲೆ ಇರುವುದಿಲ್ಲ. ಅವತ್ತು ರಾತ್ರಿ ಅವನೇ ಫೋನ್ ಮಾಡಿದ, ಬೇರೆ ಏನೋ ನೆಪ ಹೇಳಿ.

ಈಗ ನಿನ್ನೆಯದು.

ಬಾಗಿಲಲ್ಲಿ ನಿಂತಾಗ ಅವನ ಕೈಯಲ್ಲಿ ಬನ್ನಿಯ ದೊಡ್ಡ ಟೊಂಗೆಯೇ ಇತ್ತು. ಎಲ್ಲರೂ ನಾಲ್ಕು ಎಲೆ ತರುತ್ತಾರೆ. ನಮ್ಮವ್ವನ ಕಾಲು ಮುಟ್ಟಿ ಎಲೆ ಕೊಟ್ಟ. ಆಮೇಲೆ ನನ್ನ ಕೈಗೆ ಇಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂದ. ಮನೆ ತುಂಬ ಜನ. ನನ್ನ ಹೆಂಡತಿ, ಅವನ ಹೆಂಡತಿ, ಮಕ್ಕಳು. ನಾನು ನಾನೇ ಹಾಕಿಕೊಂಡ ಗೆರೆ ದಾಟಿದೆ. ಅವನ ಮುಖ ಅಷ್ಟು ಹಗುರವಾಗಿತ್ತು, ಅದನ್ನು ನೋಡಿ ಧೈರ್ಯ ಬಂತು. ಅಪ್ಪ, ಮನೆ, ದುಡ್ಡು ಯಾವುದಕ್ಕೂ ತಾಗದ ಮಾತು ಅಂತ ಒಂದು ಕ್ಷಣ ಲೆಕ್ಕ ಹಾಕಿಯೇ ಹೇಳಿದೆ:

"ಗಿಡಾನ ಕಿತ್ತಕೊಂಡ ಬಂದಿಯೇನಲೇ?"

ಮಕ್ಕಳು ನಕ್ಕರು. ಅವನು ನಗಲಿಲ್ಲ. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಆದರೆ ಅವನ ಕಣ್ಣು ಈ ಸಲ ಮಕ್ಕಳ ಕಡೆ ಹೋಗಲಿಲ್ಲ, ನನ್ನ ಮುಖದ ಮೇಲೇ ನಿಂತಿತ್ತು. ಆಮೇಲೆ ಅಂದ:

"ನಿನಗ ಒಂದ ಎಲಿ ಸಾಕಿತ್ತಲೇ. ಇದು ವೈನಿಯವರ ಸಲುವಾಗಿ ತಂದೇನಿ."

ನನ್ನ ಹೆಂಡತಿ, "ಕುಂದರ್ರಿ ಅಣ್ಣಾರ" ಅಂತ ಹೋಳಿಗೆ ತರಲು ಒಳಗೆ ಹೋದಳು. ಅವನು ಎರಡು ಹೋಳಿಗೆ ಉಂಡ. ಹೊರಡುವಾಗ ಬೈಕಿಗೆ ಎರಡು ಸಲ ಕಿಕ್ ಹೊಡೆದ, ಹತ್ತಲಿಲ್ಲ. ನಾನು ಸುಮ್ಮನೆ ನಿಂತಿದ್ದೆ. ಮೂರನೆಯದಕ್ಕೆ ಹತ್ತಿತು. ಗಾಡಿ ಮೇಲೆ ಕೂತವನು ಅಂದ, "ರವಿವಾರ ಹಳೆ ಊರ ಕಡೆ ಹೋಗಿಬರೂಣೇನಲೇ? ನೀರು ತುಂಬೇತಿ, ನಮ್ಮ ಓಣಿ ಕಾಣೂದಿಲ್ಲ. ಆದ್ರೂ ಹೋಗೂಣು."

ಮುಂಜಾನೆ ಏಳಕ್ಕೆ ಹೊರಡುವುದು ಅಂತ ಆಗಿದೆ. ಅವನ ಬೈಕಿನ ಮೇಲೆ.