ಸೋಲಿಲ್ಲದ ಆಟದಲ್ಲಿ ಏನಿದೆ?

"ಗೆಲ್ಲಲೇಬೇಕೆಂಬ ಹಟ ನನಗಿಲ್ಲ. ಕೈಯಲ್ಲಿ ಬರೆದ ಚಿತ್ರ, ಮನಸ್ಸಿನಲ್ಲಿ ಉಳಿಯುವ ಸಂಗೀತ, ಇಷ್ಟಿದ್ದರೆ ಸಾಕು. ಯಾವ ಆಟ ಆಡಲಿ?"

ಗ್ರಿಸ್ ಆಡಿ. ಬಾರ್ಸಿಲೋನಾದ ನೊಮಾಡಾ ಸ್ಟುಡಿಯೋ 2018ರ ಡಿಸೆಂಬರ್‌ನಲ್ಲಿ ಹೊರತಂದ ಈ ವಿಡಿಯೋ ಆಟದ ಚಿತ್ರಲೋಕವನ್ನು ರೂಪಿಸಿದವರು ಜಲವರ್ಣದಲ್ಲಿ ಪಳಗಿದ ಕಲಾವಿದ ಕೊನ್ರಾಡ್ ರೊಸೆಟ್. ಸಂಗೀತ ಅದೇ ನಗರದ ಬರ್ಲಿನಿಸ್ಟ್ ತಂಡದ್ದು. ಮೂರ್ನಾಲ್ಕು ಗಂಟೆಗಳಲ್ಲಿ ಮುಗಿಯುವ ಈ ಆಟದಲ್ಲಿ ಸಂಭಾಷಣೆಯಿಲ್ಲ, ನಾಯಕಿ ಸಾಯುವುದೂ ಇಲ್ಲ.

ಆರಂಭದಲ್ಲೇ ಹಾಡುತ್ತಿದ್ದ ಹುಡುಗಿಯ ದನಿ ಕಟ್ಟಿಹೋಗುತ್ತದೆ, ಅವಳನ್ನು ಹೊತ್ತಿದ್ದ ಶಿಲೆಯ ಕೈ ಪುಡಿಯಾಗುತ್ತದೆ, ಅವಳು ಬಣ್ಣವಿಲ್ಲದ ಲೋಕಕ್ಕೆ ಬೀಳುತ್ತಾಳೆ. ಆಗ ನೆಗೆಯುವ ಗುಂಡಿಯನ್ನು ಒತ್ತಿದರೆ ಅವಳು ನೆಗೆಯದೆ ಮಂಡಿಯೂರಿ ಕುಸಿಯುತ್ತಾಳೆ. ದುಃಖದ ಕಥೆಯನ್ನು ಯಾರೂ ಬಾಯಿಬಿಟ್ಟು ಹೇಳದಿದ್ದರೂ, ನಮ್ಮ ಬೆರಳಿನ ಆಜ್ಞೆಯನ್ನು ಆ ದೇಹ ಕೇಳದಿರುವುದರಲ್ಲೇ ಅದು ನಮಗೆ ತಲುಪುತ್ತದೆ. ಮುಂದೆ ಕೆಂಪು, ಹಸಿರು, ನೀಲಿ, ಹಳದಿ ಒಂದೊಂದಾಗಿ ಲೋಕಕ್ಕೆ ಮರಳುತ್ತವೆ, ಅದರ ಜೊತೆಗೆ ಅವಳ ಶಕ್ತಿಯೂ ಮರಳುತ್ತದೆ. ಕೆಂಪು ಮರುಭೂಮಿಯಲ್ಲಿ ಬಿರುಗಾಳಿ ಹಿಂದಕ್ಕೆ ತಳ್ಳುವಾಗ ಅವಳ ಉಡುಪು ಭಾರವಾದ ಕಲ್ಲುಚೌಕವಾಗುತ್ತದೆ. ಗಾಳಿ ಬಿಡುವು ಕೊಟ್ಟಾಗ ನಾಲ್ಕು ಹೆಜ್ಜೆ ನಡೆದು, ಅದು ಮತ್ತೆ ಬೀಸಿದಾಗ ಚೌಕವಾಗಿ ನಿಲ್ಲಬೇಕು. ತಪ್ಪಿದರೆ ಆಗುವ ನಷ್ಟವೆಂದರೆ ಸ್ವಲ್ಪ ಹಿಂದಕ್ಕೆ ಜಾರುವುದಷ್ಟೇ. ನೀರಿನಾಳದಲ್ಲಿ ಕಪ್ಪು ಹಾವುಮೀನು ಬೆನ್ನಟ್ಟುವಾಗ ಸಂಗೀತ ಏರಿ ಎದೆ ಬಡಿದುಕೊಳ್ಳುತ್ತದೆ, ಆದರೆ ಅಲ್ಲಿಯೂ ಆಟ ಮುಗಿದುಹೋಗುವುದಿಲ್ಲ. ಸೋತು ಮತ್ತೆ ಮೊದಲಿನಿಂದ ಆಡುವ ಪ್ರಸಂಗವಿಲ್ಲದ್ದರಿಂದ ಸಂಗೀತದ ಏರಿಳಿತ ಎಲ್ಲಿಯೂ ತುಂಡಾಗುವುದಿಲ್ಲ. ಈ ಆಟದ ಹಿನ್ನೆಲೆ ಸಂಗೀತ ಅಷ್ಟು ಗಾಢವಾಗಿ ನೆನಪಿನಲ್ಲಿ ಉಳಿಯಲು ಇದೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಕೊರತೆಯೂ ಇದೆ. ಹಲವು ದೃಶ್ಯಗಳಲ್ಲಿ ನೋಟ ಬಹಳ ಹಿಂದೆ ಸರಿದು, ಅವಳು ಪರದೆಯ ಮೇಲೊಂದು ಚುಕ್ಕೆಯಷ್ಟೇ ಆಗುತ್ತಾಳೆ. ಇದು ಮೊಬೈಲಿಗೂ ಬಂದಿದೆಯಾದರೂ ದೊಡ್ಡ ಪರದೆಯಲ್ಲಿ, ಹೆಡ್‌ಫೋನ್ ಹಾಕಿಕೊಂಡು ಆಡುವುದೇ ಮೇಲು. ದಾರಿ ಬಿಟ್ಟು ಅಡಗಿಸಿಟ್ಟಿರುವ ನೆನಪಿನ ತುಣುಕುಗಳನ್ನು ಹುಡುಕುವ ಗೋಜಿಗೆ ಮೊದಲ ಸಲ ಹೋಗಬೇಡಿ.

ಚಿತ್ರ ನೋಡಿ ಮರುಳಾಗುವ ಅಪಾಯವೂ ಉಂಟು. 2017ರ ಕಪ್‌ಹೆಡ್ ಆಟದ ಪಾತ್ರಗಳನ್ನು ಕಾಗದದ ಮೇಲೆಯೇ ಬರೆಯಲಾಗಿದೆ, ಅದರ ಜಾಝ್ ಸಂಗೀತವೂ ಅದ್ಭುತ. ಆದರೆ ಅಲ್ಲಿ ಸೋತಾಗಲೆಲ್ಲ ಮೊದಲಿನಿಂದ ಆಡಬೇಕಾದ್ದರಿಂದ, ಒಬ್ಬ ಎದುರಾಳಿಯನ್ನು ದಾಟುವಷ್ಟರಲ್ಲಿ ಅದೇ ಹಾಡಿನ ಮೊದಲ ಸಾಲುಗಳನ್ನು ಬೇಸರವಾಗುವಷ್ಟು ಕೇಳಿರುತ್ತೀರಿ. ನಿಮ್ಮಂಥವರಿಗೆ ಅದನ್ನು ಆಡಿ ಎಂದು ನಾನು ಹೇಳುವುದಿಲ್ಲ. ಗ್ರಿಸ್ ಹಿಡಿಸಿದರೆ ಅದೇ ತಂಡ 2024ರಲ್ಲಿ ತಂದ ನೇವಾ ಆಡಿ. ಇದರಲ್ಲಿ ಕತ್ತಿಯ ಕಾಳಗವಿದೆ, ಆದ್ದರಿಂದ ಆಯ್ಕೆ ಕೇಳಿದಾಗ ಸ್ಟೋರಿ ಮೋಡ್ ಆರಿಸಿಕೊಳ್ಳಿ. ಅದರಲ್ಲಿ ಏಟು ಬಿದ್ದರೂ ಸಾವಿಲ್ಲ.