ಕೊಟೇಶನ್ ಜೊತೆ ಹೋದ ಮೇಲ್

ಪೀಣ್ಯದಲ್ಲಿ ನಮ್ಮದು ಶೀಟ್ ಮೆಟಲ್ ಕೆಲಸ. ಬಿಡದಿಯ ಒಂದು ಕಂಪನಿ 1000 ಬ್ರಾಕೆಟ್‌ಗೆ ರೇಟ್ ಕೇಳಿತ್ತು. 2 ಎಂಎಂ ಎಂಎಸ್ ಶೀಟ್, ಲೇಸರ್ ಕಟಿಂಗ್, ಎರಡು ಬೆಂಡ್, ಮೇಲೆ ಪೌಡರ್ ಕೋಟಿಂಗ್. ಲೆಕ್ಕ ಹಾಕಿದಾಗ ಪೀಸಿಗೆ 62 ರೂಪಾಯಿ ಬಂತು, ಜಿಎಸ್‌ಟಿ ಬೇರೆ.

ಪಿಡಿಎಫ್ ರೆಡಿಯಾದ ಮೇಲೆ ಆಫೀಸಿನ ಹುಡುಗ, "ಸರ್, 'ಪ್ಲೀಸ್ ಫೈಂಡ್ ಅಟ್ಯಾಚ್ಡ್' ಅಂತ ಹಾಕಿ ಕಳಿಸಿಬಿಡ್ಲಾ?" ಅಂದ. ಬೇಡ ಅಂದೆ. ಪರ್ಚೇಸ್‌ನವರು ಬಂದ ರೇಟುಗಳನ್ನೆಲ್ಲ ಒಂದು ಎಕ್ಸೆಲ್ ಶೀಟಿಗೆ ಇಳಿಸಿ ಮೇಲಿನವರಿಗೆ ಕಳಿಸುತ್ತಾರೆ. ಕೋಟಿಂಗ್, ಸಾಗಣೆ ಎರಡನ್ನೂ ಬಿಟ್ಟು 54 ಅಂತ ಬರೆದವರ ಪಕ್ಕದಲ್ಲಿ ನಮ್ಮ 62 ಸುಮ್ನೆ ದುಬಾರಿಯಾಗಿ ಕಾಣುತ್ತದೆ, ಅಲ್ವಾ? ಪಿಡಿಎಫ್‌ನ ಎರಡನೇ ಪುಟದ ಷರತ್ತುಗಳನ್ನು ಆ ಹೊತ್ತಿನಲ್ಲಿ ಯಾರೂ ತೆಗೆದು ನೋಡುವುದಿಲ್ಲ.

ಹಾಗಾಗಿ ಸಬ್ಜೆಕ್ಟ್ ಲೈನಿನಲ್ಲಿ ಅವರ ಎನ್‌ಕ್ವೈರಿ ನಂಬರ್, ಪಾರ್ಟ್ ನಂಬರ್ ಹಾಕಿ, ಮೊದಲ ಸಾಲಿನಲ್ಲೇ ಬರೆದೆ: 62ರಲ್ಲಿ ಕೋಟಿಂಗ್ 9, ಬಿಡದಿವರೆಗೆ ಎರಡು ಟ್ರಿಪ್ ಟೆಂಪೊ ಬಾಡಿಗೆ 4 ರೂಪಾಯಿ ಸೇರಿದೆ. ಇವೆರಡನ್ನೂ ನೀವೇ ನೋಡಿಕೊಂಡರೆ 49. ಸ್ಟೀಲ್ ರೇಟ್ ಏರಿಳಿಯುವುದರಿಂದ ಈ ಬೆಲೆ 15 ದಿನಕ್ಕೆ ಮಾತ್ರ.

ಇನ್ನೊಂದು ವಿಷಯ ನನಗೆ ಬೆಲೆಗಿಂತ ಮುಖ್ಯವಾಗಿತ್ತು. ಡ್ರಾಯಿಂಗ್‌ನಲ್ಲಿ ಎಂ6 ಬೋಲ್ಟಿಗೆ 6.2 ಎಂಎಂ ತೂತು ಅಂತಿತ್ತು, ಅದು ಕೋಟಿಂಗ್‌ಗೆ ಮುಂಚಿನ ಅಳತೆಯೋ ಆಮೇಲಿನದೋ ಬರೆದಿರಲಿಲ್ಲ. ಪೌಡರ್ 60ರಿಂದ 80 ಮೈಕ್ರಾನ್, ಅಂದರೆ 0.06ರಿಂದ 0.08 ಎಂಎಂ ಕೂರುತ್ತದೆ, ತೂತಿನ ಒಳಗೋಡೆಗೆ ಸುತ್ತಲೂ ಕೂರುವುದರಿಂದ ವ್ಯಾಸದಲ್ಲಿ ಅದರ ಎರಡರಷ್ಟು ಕಡಿಮೆಯಾಗಿ 6.05ರ ಹತ್ತಿರ ನಿಲ್ಲುತ್ತದೆ. ಅಸೆಂಬ್ಲಿಯಲ್ಲಿ ಎರಡು ತೂತು ಒಂದಕ್ಕೊಂದು ಚೂರು ಸರಿಹೊಂದದಿದ್ದರೂ ಬೋಲ್ಟ್ ಹೋಗುವುದಿಲ್ಲ, ಹುಡುಗರು ಡ್ರಿಲ್ ಹಾಕಿ ಕೆರೆಯುತ್ತಾರೆ, ಪೇಂಟ್ ಎದ್ದು ಅಲ್ಲಿಂದಲೇ ತುಕ್ಕು ಶುರು. ಅದಕ್ಕೇ, "6.2 ಅನ್ನುವುದನ್ನು ಕೋಟಿಂಗ್ ಆದ ಮೇಲಿನ ಅಳತೆ ಅಂತ ತಿಳಿದು, ನಾವು 6.35 ಕಟ್ ಮಾಡುತ್ತೇವೆ, ನಿಮ್ಮ ಡಿಸೈನ್‌ನವರು ಒಪ್ಪಿದರೆ ಸಾಕು" ಅಂತ ಮೇಲ್‌ನಲ್ಲೇ ಬರೆದೆ. ಒಳಗೊಳಗೇ ಊಹಿಸಿಕೊಂಡು ರೇಟ್ ಕೊಡುವುದು ನನಗೆ ಸರಿ ಅನಿಸುವುದಿಲ್ಲ, ಅದರ ಜಗಳ ಮಾಲು ರಿಜೆಕ್ಟ್ ಆದ ದಿನ ಬಂದೇ ಬರುತ್ತದೆ.

ಮೇಲ್ ಡಿಸೈನ್‌ನವರಿಗೆ ಫಾರ್ವರ್ಡ್ ಆಯ್ತು. ಅಲ್ಲಿನ ಇಂಜಿನಿಯರ್ ಮೇಡಂ ಫೋನ್ ಮಾಡಿ, "ಹೌದು, ಕೋಟಿಂಗ್ ಆದ ಮೇಲೆ 6.2 ಬೇಕು, ಡ್ರಾಯಿಂಗ್‌ನಲ್ಲಿ ನೋಟ್ ಹಾಕಿಸ್ತೀನಿ" ಅಂದರು. ಪರ್ಚೇಸ್‌ನವರು 58 ಕೇಳಿದರು. ಮೇಲ್‌ನಲ್ಲಿ ಲೆಕ್ಕ ಬಿಡಿಸಿ ಇಟ್ಟಿದ್ದರಿಂದ ಚೌಕಾಸಿ ಎಳೆದಾಡಲಿಲ್ಲ: "ಸರ್, ಪೂರ್ತಿ ಮಾಲು ಒಂದೇ ಟ್ರಿಪ್‌ನಲ್ಲಿ ತಗೊಳ್ಳಿ, 2 ರೂಪಾಯಿ ಇಳಿಯುತ್ತೆ, ಕೋಟಿಂಗ್‌ನಲ್ಲಿ ಮಾತ್ರ ಕೈ ಹಾಕಲ್ಲ" ಅಂದೆ. ಮೊದಲು 10 ಸ್ಯಾಂಪಲ್ ಕೇಳಿದರು, ಬೋಲ್ಟ್ ಹಾಕಿ ನೋಡಿದರು, ಆಮೇಲೆ 60ಕ್ಕೆ ಪರ್ಚೇಸ್ ಆರ್ಡರ್ ಬಂತು.