96 ಮತ್ತು 100ರ ನಡುವೆ

ನಮ್ಮ ಅಡಿಕೆ ತೋಟದ ಮೂರು ಫೇಸ್ ಪಂಪಿನ ಮೋಟಾರು ಕಳೆದ ಬೇಸಿಗೆಯಲ್ಲಿ ನಡುಗತೊಡಗಿತು. "ಬೇರಿಂಗ್ ಹೋಗಿರಬೇಕು ಕಣೋ" ಅಂದರು ಅಪ್ಪ. ಬಿಚ್ಚುವ ಮೊದಲು ಒಂದ್ಸಲ ಅಳೆದು ನೋಡೋಣ ಅನ್ನಿಸಿತು. ಇಎಸ್‌ಪಿ32 ಬೋರ್ಡಿಗೆ ಕಂಪನ ಅಳೆಯುವ MPU6050 ಸೆನ್ಸರ್ ಜೋಡಿಸಿ, ಮೋಟಾರಿನ ಮೈಗೆ ಬಿಗಿಯಾಗಿ ಕಟ್ಟಿದೆ.

ಪ್ಲೇಟಿನ ಮೇಲೆ ನಿಮಿಷಕ್ಕೆ 2880 ಸುತ್ತು ಅಂತಿತ್ತು. ಅಂದರೆ ಸೆಕೆಂಡಿಗೆ 48. ಹಾಗಾಗಿ ಯಾವ ಆವರ್ತನದ ಕಂಪನ ಎಷ್ಟು ಬಲವಾಗಿದೆ ಅಂತ ತೋರಿಸುವ ಎಫ್‌ಎಫ್‌ಟಿ ನಕ್ಷೆಯಲ್ಲಿ ದೊಡ್ಡ ಶಿಖರ 48 ಹರ್ಟ್ಸ್‌ನಲ್ಲಿ ಇರಬೇಕಿತ್ತು. ನನಗೆ ಕಂಡದ್ದು 120ರಲ್ಲಿ!

ತಪ್ಪು ಸ್ಯಾಂಪಲ್ ದರದಲ್ಲಿತ್ತು. ಪ್ರತಿ ಸಲ ಓದಿದ ಮೇಲೆ `delay(1)` ಹಾಕಿ, ದರ ಸೆಕೆಂಡಿಗೆ 1000 ಅಂತ ನಂಬಿದ್ದೆ. ಆದರೆ ಸೆನ್ಸರನ್ನೂ ಬೋರ್ಡನ್ನೂ ಜೋಡಿಸುವ 100 ಕಿಲೋಹರ್ಟ್ಸ್ ಐ2ಸಿಯಲ್ಲಿ 14 ಬೈಟ್ ಓದುವುದಕ್ಕೇ ಸುಮಾರು ಒಂದೂವರೆ ಮಿಲಿಸೆಕೆಂಡ್ ಬೇಕು. ಒಟ್ಟು ಎರಡೂವರೆ, ಅಂದರೆ ನಿಜವಾದ ದರ 400. ಎರಡೂವರೆ ಪಟ್ಟು ತಪ್ಪು, 48 ಹೋಗಿ 120 ಆಯಿತು. ಐ2ಸಿ ವೇಗವನ್ನು 400 ಕಿಲೋಹರ್ಟ್ಸ್‌ಗೆ ಏರಿಸಿ, ಕಾಯುವುದನ್ನು ಗಡಿಯಾರಕ್ಕೆ ಕಟ್ಟಿದೆ:

```
t += 1000;
while ((long)(micros() - t) < 0) {}
```

ಸೆನ್ಸರ್ ಒಳಗಿನ ಫಿಲ್ಟರನ್ನು 184 ಹರ್ಟ್ಸ್‌ಗೆ ಇಟ್ಟೆ. ಇಲ್ಲದಿದ್ದರೆ 500ಕ್ಕಿಂತ ಮೇಲಿನ ಕಂಪನ ಕೆಳಗೆ ಮಡಚಿಕೊಂಡು ಬಂದು ಸುಳ್ಳು ಶಿಖರವಾಗಬಹುದು.

ಈಗ 48 ಸರಿಯಾಗಿ ಬಂತು. ಜೊತೆಗೆ 97ರ ಹತ್ತಿರ ಒಂದು ದಪ್ಪ ಗುಡ್ಡ. ನನ್ನ ಪ್ರಶ್ನೆ ಇದ್ದದ್ದೇ ಅಲ್ಲಿ. 48ರ ದುಪ್ಪಟ್ಟು 96. ಅದು ಬಲವಾಗಿದ್ದರೆ ಮೊದಲ ಅನುಮಾನ ಮೋಟಾರನ್ನು ಪಂಪಿಗೆ ಜೋಡಿಸುವ ಕಪ್ಲಿಂಗ್ ಮೇಲೆ. ನಮ್ಮ 50 ಹರ್ಟ್ಸ್ ಕರೆಂಟಿನ ದುಪ್ಪಟ್ಟು 100. ಅದಾದರೆ ಕಾರಣ ಮೋಟಾರಿನ ಕಾಂತದ ಬದಿಯಲ್ಲಿ. ಬಫರ್ 256 ಸ್ಯಾಂಪಲಿನದು. 1000 ಭಾಗಿಸು 256, ನಕ್ಷೆಯ ಒಂದೊಂದು ಮನೆ 3.9 ಹರ್ಟ್ಸ್ ಅಗಲ. ಎರಡೂ ಅಕ್ಕಪಕ್ಕದ ಮನೆಗೆ ಬಂದು ಒಂದಾಗಿಬಿಟ್ಟಿದ್ದವು.

ದರ ಜಾಸ್ತಿ ಮಾಡಿದರೆ ಬಿಡಿಯಾಗುತ್ತೆ ಅಂತ ಅನ್ನಿಸುತ್ತೆ, ಅಲ್ವಾ? ಆಗುವುದು ಉಲ್ಟಾ. ಬಫರ್ ಅಷ್ಟೇ ಇದ್ದು ದರ ಏರಿದರೆ ಮನೆ ಇನ್ನೂ ಅಗಲವಾಗುತ್ತದೆ. ಎಷ್ಟು ಹೊತ್ತು ಕೇಳಿಸಿಕೊಂಡೆವು ಅನ್ನುವುದೇ ಮುಖ್ಯ. 1024 ಸ್ಯಾಂಪಲ್ ಅಂದರೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು, ಮನೆ ಸುಮಾರು 1 ಹರ್ಟ್ಸ್. ಎರಡು ಫ್ಲೋಟ್ ಸಾಲಿಗೆ 8 ಕೆಬಿ ಸಾಕು. ಇಎಸ್‌ಪಿ32ಗೆ ಅದು ಹಗುರ. 2 ಕೆಬಿಯ ಆರ್ಡುಯಿನೋ ಊನೋದಲ್ಲಿ ಆಗದ ಮಾತು.

ವಿಂಡೋ ಇಲ್ಲದೆ ನೋಡಿದಾಗ 48ರ ಶಿಖರ ಎರಡೂ ಕಡೆ ಉದ್ದಕ್ಕೆ ಸೋರುತ್ತಿತ್ತು. ಬಫರಿನ ತುದಿಯಲ್ಲಿ ಅಲೆ ಅರ್ಧಕ್ಕೇ ಕಡಿದುಹೋಗುವುದರಿಂದ ಹೀಗಾಗುತ್ತದೆ. ಹ್ಯಾನ್ ವಿಂಡೋ ಎರಡೂ ತುದಿಯನ್ನು ಮೆಲ್ಲಗೆ ಸೊನ್ನೆಗೆ ಇಳಿಸುತ್ತದೆ. ಬದಲಿಗೆ ಶಿಖರ ನಾಲ್ಕು ಮನೆಯಷ್ಟು ದಪ್ಪವಾಗುತ್ತದೆ. 96ಕ್ಕೂ 100ಕ್ಕೂ ನಡುವೆ ಇರುವುದೂ ನಾಲ್ಕು ಮನೆ, ಅಷ್ಟಕ್ಕಷ್ಟೇ ಸಾಕಾಯಿತು. ವಿಂಡೋ ಹಾಕುವ ಮೊದಲು ಸರಾಸರಿ ಕಳೆಯಲೇಬೇಕು, ಇಲ್ಲದಿದ್ದರೆ ಗುರುತ್ವದ ಎಳೆತವೇ ಎಡತುದಿಯಲ್ಲಿ ಬೆಟ್ಟವಾಗಿ ನಿಲ್ಲುತ್ತದೆ.

ಗುಡ್ಡ ಸೀಳಿತು. 96 ಎತ್ತರ, 100 ಕುಳ್ಳ. ಕಪ್ಲಿಂಗ್ ಬಿಚ್ಚಿದರೆ ರಬ್ಬರ್ ಬುಷ್ ಸವೆದು ಒಂದು ಕಡೆಗೆ ವಾಲಿತ್ತು. ಹೊಸದು ಹಾಕಿ, ಪಂಪಿನ ಕಾಲಡಿ ತಗಡು ಕೊಟ್ಟು ಸಾಲು ಮಾಡಿದೆವು. ಮತ್ತೆ ಅಳೆದಾಗ 96 ಅರ್ಧಕ್ಕಿಂತ ಕೆಳಗೆ ಇಳಿದಿತ್ತು.

"ಹಾಗಾದ್ರೆ ಬೇರಿಂಗ್ ಗಟ್ಟಿ ಇದೆಯಾ?" ಅಂತ ಅಪ್ಪ ಕೇಳಿದರು. ಅದನ್ನು ಈ ಅಳತೆ ಹೇಳಲಾರದು ಅಂದೆ. ಬೇರಿಂಗಿನ ಮೊದಲ ಸುಳಿವು ಕಿಲೋಹರ್ಟ್ಸ್‌ಗಳಲ್ಲಿ ಇರುತ್ತದೆ, ನನ್ನ ಫಿಲ್ಟರ್ 184ಕ್ಕೇ ಬಾಗಿಲು ಹಾಕಿತ್ತು.